ಪಗಾರಕ್ಕೆ ಮುಂಚೆ ಕೇಳುವ ಹಣ

ನೌಕರಿ ಕೊಡುವವನು ಹಣ ಕೇಳಿದನೆಂದರೆ ಅದು ಮೋಸವೇ ಸರಿ, ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಈ ಮಾತನ್ನು ಜಮಖಂಡಿಯ ಕಡೆಯ ಗೃಹಸ್ಥರೊಬ್ಬರ ಮುಂದೆ ಆಡಿ ನೋಡಿ. ಅವರು ಕೂಡಲೆ ಕೇಳಿಯಾರು: "ರೇಲ್ವೇದವರು ನಮ್ಮ ಹುಡುಗನ ಕಡಿಂದ ಫೀ ತಗೊಂಡಾರಲ್ರೀ, ಅದೂ ಮೋಸೇನ್ರಿ?" ಈ ಪ್ರಶ್ನೆಗೆ ಉತ್ತರ ಕೊಡದ ಉಪದೇಶದಿಂದ ಪ್ರಯೋಜನವಿಲ್ಲ. ಪ್ರಾಮಾಣಿಕವಾದ ಫೀ ಎಂಬುದೊಂದು ಲೋಕದಲ್ಲಿ ಇರುವುದರಿಂದಲೇ ಅಪ್ರಾಮಾಣಿಕವಾದ ಫೀ ಅದರ ಅಂಗಿಯನ್ನು ತೊಟ್ಟುಕೊಂಡು ಮನೆಯೊಳಗೆ ಬರುತ್ತದೆ. ಆದುದರಿಂದ ಮೊದಲು ಪ್ರಾಮಾಣಿಕವಾದುದರ ಮುಖವನ್ನು ಸರಿಯಾಗಿ ನೋಡಿಟ್ಟುಕೊಳ್ಳೋಣ.

ರೈಲ್ವೆ ನೇಮಕಾತಿ ಮಂಡಳಿಯ ಪದ್ಧತಿಯನ್ನೇ ತೆಗೆದುಕೊಳ್ಳಿ. ನಮ್ಮ ಕಡೆಯ ಹುಡುಗರು ಸಾಮಾನ್ಯವಾಗಿ ಬೆಂಗಳೂರಿನ ಮಂಡಳಿಗೆ ಅರ್ಜಿ ಹಾಕುತ್ತಾರೆ. 2018ರಿಂದೀಚಿನ ಪ್ರಕಟಣೆಗಳಲ್ಲಿ ಸಾಮಾನ್ಯ ಅಭ್ಯರ್ಥಿಗೆ 500 ರೂಪಾಯಿ ಫೀ ಇದೆ. ಅವನು ಮೊದಲ ಹಂತದ ಪರೀಕ್ಷೆಗೆ ಕುಳಿತನೆಂದರೆ ಅದರಲ್ಲಿ 400 ರೂಪಾಯಿ, ಬ್ಯಾಂಕಿನ ಖರ್ಚನ್ನು ಕಳೆದು, ಮರಳಿ ಅವನ ಖಾತೆಗೇ ಬರುತ್ತದೆ. ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಮಾಜಿ ಸೈನಿಕರು ಮೊದಲಾದ ಕೆಲವರಿಗೂ ಫೀ 250 ರೂಪಾಯಿ ಮಾತ್ರ. ಪರೀಕ್ಷೆಗೆ ಕುಳಿತರೆ ಅದೂ ಹಿಂದಿರುಗುತ್ತದೆ. ಇದರಲ್ಲಿ ಗಮನಿಸಬೇಕಾದುದು ಮೊತ್ತ ಸಣ್ಣದೆಂಬುದನ್ನಲ್ಲ. ಈ ಫೀ ಎಷ್ಟೆಂಬುದು ಎಲ್ಲರೂ ಓದಬಹುದಾದ ಪ್ರಕಟಣೆಯಲ್ಲಿ ಅಚ್ಚಾಗಿರುತ್ತದೆ. ಅರ್ಜಿಯ ಜೊತೆಗೆ, ಅಂದರೆ ಪರೀಕ್ಷೆಗೆ ಮೊದಲೇ, ಒಂದೇ ಸಲ ಸಲ್ಲುತ್ತದೆ. ವ್ಯಕ್ತಿಯೊಬ್ಬನ ಕೈಗೆ ಹೋಗದೆ ಮಂಡಳಿಯ ಖಾತೆಗೆ ಹೋಗುತ್ತದೆ. ಫೀ ಕೊಟ್ಟವನು ಪರೀಕ್ಷೆಗೆ ಕುಳಿತುಕೊಳ್ಳುವ ಹಕ್ಕನ್ನು ಕೊಂಡುಕೊಂಡನೇ ಹೊರತು ನೌಕರಿಯನ್ನಲ್ಲ. ನೂರಾರು ಸಾವಿರ ಜನ ಅದೇ ಫೀಯನ್ನು ಕೊಟ್ಟು ನಪಾಸಾಗುತ್ತಾರೆ.

ಮೋಸದ ಫೀ ಇದಕ್ಕೆ ತಲೆಕೆಳಗು. ಅದು "ಆಯ್ಕೆಯಾಗಿದೆ" ಎಂಬ ಸಂತೋಷದ ಸುದ್ದಿಯ ಬೆನ್ನಿಗೆ ಬರುತ್ತದೆ. ಮೊತ್ತ ಎಲ್ಲಿಯೂ ಅಚ್ಚಾಗಿರುವುದಿಲ್ಲ, ಒಮ್ಮೆ ಕೊಟ್ಟರೆ ಮುಗಿಯುವುದಿಲ್ಲ, ಮತ್ತು ಸಲ್ಲಬೇಕಾದ ಖಾತೆ ಯಾರೋ ಒಬ್ಬ ಮನುಷ್ಯನ ಹೆಸರಿನಲ್ಲಿ ಇರುತ್ತದೆ. ಪರೀಕ್ಷೆಗೆ ಮುಂಚಿನ ಫೀ, ಆಯ್ಕೆಯ ನಂತರದ ಫೀ: ಇವೆರಡರ ನಡುವಿನ ಭೇದವನ್ನು ಮನೆಯ ಹಿರಿಯರು ಮನಸ್ಸಿನಲ್ಲಿ ಇಟ್ಟುಕೊಂಡರೆ ಸರಕಾರಿ ನೌಕರಿಯ ಹೆಸರಿನಲ್ಲಿ ಬರುವ ಹತ್ತರಲ್ಲಿ ಒಂಬತ್ತು ಮೋಸಗಳು ಬಾಗಿಲಲ್ಲಿಯೇ ನಿಲ್ಲುತ್ತವೆ ಎಂದು ನನ್ನ ಅಭಿಪ್ರಾಯ.

ಒಳಗೆ ಬರುವ ಹತ್ತನೆಯದು ಯಾವುದು? ಅದು ಬಲ್ಲವರ ಮುಖಾಂತರ ಬರುವಂಥದು. 2022ನೆಯ ಇಸವಿಯ ಜೂನ್ ಜುಲೈ ತಿಂಗಳುಗಳಲ್ಲಿ ದಿಲ್ಲಿಯಲ್ಲಿ ನಡೆದು ಆ ವರ್ಷದ ಕೊನೆಗೆ ಪೊಲೀಸರ ತನಿಖೆಗೆ ಬಂದ ಪ್ರಸಂಗವೊಂದನ್ನು ವಾಚಕರಲ್ಲಿ ಹಲವರು ಓದಿರಬಹುದು. ತಮಿಳುನಾಡಿನ 28 ಜನ ತರುಣರು ಹೊಸ ದಿಲ್ಲಿಯ ರೈಲು ನಿಲ್ದಾಣದಲ್ಲಿ ಒಂದು ತಿಂಗಳ ಕಾಲ, ದಿನಕ್ಕೆ ಎಂಟು ತಾಸು, ಬಂದು ಹೋಗುವ ಗಾಡಿಗಳನ್ನೂ ಅವುಗಳ ಡಬ್ಬಿಗಳನ್ನೂ ಎಣಿಸುತ್ತ ನಿಂತಿದ್ದರು. ಟಿಕೆಟು ತಪಾಸಣೆಯವರ, ಕಾರಕೂನರ ನೌಕರಿಗೆ ಇದೇ ತರಬೇತಿಯೆಂದು ಅವರಿಗೆ ಹೇಳಲಾಗಿತ್ತು. ಇದಕ್ಕಾಗಿ ಒಬ್ಬೊಬ್ಬರು 2 ಲಕ್ಷದಿಂದ 24 ಲಕ್ಷದವರೆಗೆ, ಎಲ್ಲರೂ ಕೂಡಿ ಸುಮಾರು 2 ಕೋಟಿ 67 ಲಕ್ಷ ರೂಪಾಯಿ ಕೊಟ್ಟಿದ್ದರು. ಕೇಳಿದವರು ನಗುತ್ತಾರೆ, ಆದರೆ ನಗುವ ಮೊದಲು ಎರಡು ಸಂಗತಿಗಳನ್ನು ನೋಡಬೇಕು. ಅವರ ವೈದ್ಯಕೀಯ ತಪಾಸಣೆಯಾದದ್ದು ರೈಲ್ವೆಯ ನಿಜವಾದ ಆಸ್ಪತ್ರೆಯಲ್ಲಿ. ಅವರು ನಿಂತದ್ದು ನಿಜವಾದ ನಿಲ್ದಾಣದಲ್ಲಿ. ಸರಕಾರದ ಕಟ್ಟಡದೊಳಗೆ ಕರೆದುಕೊಂಡು ಹೋದನೆಂಬುದು ನೌಕರಿಗೆ ಸಾಕ್ಷಿಯಲ್ಲ. ನಿಲ್ದಾಣಕ್ಕೆ ಯಾರು ಬೇಕಾದರೂ ಹೋಗಬಹುದು. ಎರಡನೆಯದಾಗಿ, ಆ ಹುಡುಗರನ್ನು ವಂಚಕರ ಬಳಿಗೆ ಮುಟ್ಟಿಸಿದವರು ಅವರ ಕಡೆಯವರೇ ಆದ ಒಬ್ಬ ವೃದ್ಧ ಮಾಜಿ ಸೈನಿಕರು. ಅವರೇ ಕೊನೆಗೆ ಫಿರ್ಯಾದಿ ಕೊಟ್ಟರು. ಇದು ಮೋಸವೆಂದು ತಮಗೆ ತಿಳಿದಿರಲಿಲ್ಲವೆಂದೂ, ತಾವು ಹಣದಾಸೆಯಿಂದ ಮಾಡಿದ್ದಲ್ಲವೆಂದೂ ಹೇಳಿದರು. ಮಧ್ಯಸ್ಥನು ಸಜ್ಜನನೆಂದ ಮಾತ್ರಕ್ಕೆ ವ್ಯವಹಾರ ಸಾಚಾ ಆಗಲಿಲ್ಲ. "ನಮ್ಮ ಕಾಕಾ ಹೇಳ್ಯಾರ, ಅವರು ಸುಳ್ಳು ಹೇಳೋರಲ್ಲ" ಎಂಬ ಮಾತಿನಲ್ಲಿ ಎರಡನೆಯ ಅರ್ಧ ನಿಜವಿರಬಹುದು. ಕಾಕಾನಿಗೆ ಹೇಳಿದವನು ಯಾರೆಂಬುದೇ ಪ್ರಶ್ನೆ.

ದೇಶದೊಳಗಿನ ನೌಕರಿಯ ಮಾತು ಇಷ್ಟಕ್ಕೆ ಸಾಕು. ಇಲ್ಲಿ ಹೋಗುವುದು ಹಣ. ಪರದೇಶದ ನೌಕರಿಯಲ್ಲಿ ಹಣದ ಜೊತೆಗೆ ಮಗನೂ ಹೋಗುತ್ತಾನೆ. ನಮ್ಮ ಕನ್ನಡ ನಾಡಿನಲ್ಲಿಯೇ, ಕಲಬುರಗಿಯಲ್ಲಿ, ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2023ನೆಯ ಇಸವಿಯ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಮೂವರು ತರುಣರು, ನೆರೆಯ ತೆಲಂಗಾಣದ ನಾರಾಯಣಪೇಟೆಯ ಕಡೆಯ ಒಬ್ಬನೊಂದಿಗೆ, ರಷ್ಯಕ್ಕೆ ಹೋದರು. ಮೊದಲು ದುಬೈಯಲ್ಲಿ ದುಡಿದು ಬಂದವರಾದ್ದರಿಂದ ಅವರು ವಿಮಾನವನ್ನು ಕಾಣದ ಹಳ್ಳಿಗರೇನೂ ಅಲ್ಲ. ಅಂತರ್ಜಾಲದಲ್ಲಿ ಚಲಚ್ಚಿತ್ರಗಳನ್ನು ಹಾಕಿ ರಷ್ಯದ ಕೆಲಸಗಳನ್ನು ವರ್ಣಿಸುತ್ತಿದ್ದ ಒಬ್ಬ ದಲ್ಲಾಳಿಯ ಮಾತಿನ ಮೇಲೆ, ತಲೆಗೆ ಸುಮಾರು 3 ಲಕ್ಷ ರೂಪಾಯಿಯಂತೆ ಹಣ ಕೊಟ್ಟಿದ್ದರು. ಕೆಲಸ ಕಾವಲಿನದು, ಇಲ್ಲವೆ ಸಹಾಯಕನದು. ಪಗಾರ ದುಬೈಗಿಂತ ಎಷ್ಟೋ ಹೆಚ್ಚು. ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಮಾತು. ಮುಟ್ಟಿದ ಮೇಲೆ ರಷ್ಯನ್ ಭಾಷೆಯ ಕರಾರುಪತ್ರಕ್ಕೆ ಸಹಿ ಹಾಕಿಸಿಕೊಂಡರು. ಓದಲು ಬಾರದ ಆ ಕಾಗದ ಸೈನ್ಯದ ಒಪ್ಪಂದವಾಗಿತ್ತು. ಬಂದೂಕು ಹಿಡಿಯುವುದನ್ನು ಕಲಿಸಿ ಅವರನ್ನು ಉಕ್ರೇನಿನ ಗಡಿಯ ಕಡೆಗೆ ಕಳುಹಿಸಿದರು.

ಊರಿನಲ್ಲಿದ್ದ ತಂದೆತಾಯಿಗಳಿಗೆ ಸಂಗತಿ ತಿಳಿದದ್ದು ಅವರು ಹೇಗೋ ಕಳುಹಿಸಿದ ಚಿತ್ರಗಳಿಂದ ಮತ್ತು ಫೋನಿನಿಂದ. 2024ರ ಫೆಬ್ರವರಿ 21ರಂದು, ಇದೇ ರೀತಿ ಕೆಲಸಕ್ಕೆಂದು ಹೋಗಿದ್ದ ಗುಜರಾತದ 23 ವರ್ಷದ ತರುಣನೊಬ್ಬನು ಅಲ್ಲಿ ವೈಮಾನಿಕ ದಾಳಿಗೆ ಸಿಕ್ಕು ಸತ್ತನು. ಮಾರ್ಚ್ 6ರಂದು ಸಿ.ಬಿ.ಐ. ಮೊಕದ್ದಮೆ ದಾಖಲಿಸಿತು; ಮಾರನೆಯ ದಿನದ ಹೊತ್ತಿಗೆ ದಿಲ್ಲಿ, ಮುಂಬಯಿ, ತಿರುವನಂತಪುರ, ಚೆನ್ನೈ ಮುಂತಾದೆಡೆ 13 ಸ್ಥಳಗಳನ್ನು ಶೋಧಿಸಿ 50 ಲಕ್ಷ ರೂಪಾಯಿಗೂ ಮಿಕ್ಕ ನಗದನ್ನು ವಶಪಡಿಸಿಕೊಂಡಿತು. ಹೀಗೆ ಕಳುಹಿಸಲಾದ 35 ಜನರ ಸಂಗತಿ ಆಗಲೇ ಹೊರಬಿದ್ದಿತ್ತು. ಜುಲೈ ತಿಂಗಳಲ್ಲಿ ಪ್ರಧಾನಮಂತ್ರಿಗಳು ಮಾಸ್ಕೋಗೆ ಹೋದಾಗ ಈ ಮಾತು ರಷ್ಯದ ಅಧ್ಯಕ್ಷರವರೆಗೆ ಮುಟ್ಟಿತು. ಕಲಬುರಗಿಯ ಹುಡುಗರು ಸೆಪ್ಟೆಂಬರಿನಲ್ಲಿ ಜೀವಸಹಿತ ಮನೆ ಸೇರಿದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ರಷ್ಯದ ಸೈನ್ಯದಲ್ಲಿ ಸೇರಿದ್ದ ಭಾರತೀಯರು 126 ಜನ, ಅವರಲ್ಲಿ ಮರಳಿದವರು 96, ಸತ್ತವರು 12, ಪತ್ತೆಯಿಲ್ಲದವರು 16 ಎಂದು 2025ರ ಜನವರಿಯಲ್ಲಿ ಭಾರತದ ವಿದೇಶಾಂಗ ಇಲಾಖೆಯೇ ತಿಳಿಸಿತು.

ಇಲ್ಲಿ ಒಂದು ಮಾತನ್ನು ಕೇಳಬೇಕು. ಆ 3 ಲಕ್ಷ ರೂಪಾಯಿ ಕೊಡುವ ದಿನ, ಯುದ್ಧದ ವಾಸನೆಯೂ ಇಲ್ಲದ ಆ ದಿನ, ಮನೆಯ ಹಿರಿಯರೊಬ್ಬರು ಕಾಗದಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದರೆ ಅವರಿಗೆ ಏನಾದರೂ ಕಾಣುತ್ತಿತ್ತೆ? ಕಾಣುತ್ತಿತ್ತು. ಮೊತ್ತವೇ ಕೂಗಿ ಹೇಳುತ್ತಿತ್ತು.

ನಮ್ಮ ದೇಶದಲ್ಲಿ 1983ರ ವಲಸೆ ಕಾಯಿದೆಯೆಂಬುದೊಂದಿದೆ. ಭಾರತೀಯರನ್ನು ಪರದೇಶದ ಕೆಲಸಕ್ಕೆ ಸೇರಿಸುವ ವ್ಯಾಪಾರ ಮಾಡುವವನು ಸರಕಾರದಲ್ಲಿ ನೋಂದಣಿ ಮಾಡಿಸಿ ಪ್ರಮಾಣಪತ್ರ ಪಡೆದಿರಬೇಕೆಂದು ಆ ಕಾಯಿದೆಯ ಕಟ್ಟು. ಪ್ರಮಾಣಪತ್ರವಿಲ್ಲದೆ ಈ ವ್ಯಾಪಾರ ಮಾಡುವುದು ಎರಡು ವರ್ಷಗಳವರೆಗೆ ಸೆರೆವಾಸವಾಗಬಹುದಾದ ಅಪರಾಧ. ಇದು ಕೆಲವರಿಗೆ ಗೊತ್ತು. ಆದರೆ ಪ್ರಮಾಣಪತ್ರ ಇರುವವನು ಕೂಡ ಮನಬಂದಷ್ಟು ಕೇಳುವಂತಿಲ್ಲ ಎಂಬುದು ಬಹಳ ಜನಕ್ಕೆ ತಿಳಿಯದು. ಈ ಕಾಯಿದೆಯ ನಿಯಮಗಳಂತೆ ಅಂಥವನು ತನ್ನ ಸೇವೆಗೆಂದು ಒಬ್ಬ ಉಮೇದುವಾರನಿಂದ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ನೂರಕ್ಕೆ 18ರಂತೆ ತೆರಿಗೆ ಕೂಡಿಸಿದರೆ 35,400 ರೂಪಾಯಿ ಆಗುತ್ತದೆ. ಅದಕ್ಕೆ ರಸೀತಿ ಬೇಕು. ವೈದ್ಯಕೀಯ ತಪಾಸಣೆಯ ಹಣ ಆಸ್ಪತ್ರೆಗೆ, ವೀಸಾದ ಹಣ ಆಯಾ ದೇಶದ ರಾಯಭಾರ ಕಚೇರಿಗೆ, ಟಿಕೆಟಿನದು ವಿಮಾನ ಕಂಪನಿಗೆ. ಇವು ಬೇರೆ, ಮತ್ತು ಇವಕ್ಕೂ ಆಯಾ ಸಂಸ್ಥೆಯ ರಸೀತಿಯೇ ಸಾಕ್ಷಿ. ಹೀಗಿರುವಾಗ 3 ಲಕ್ಷ ಕೇಳಿದವನು ಕಾಯಿದೆಯ ಮಿತಿಯನ್ನು ಹತ್ತು ಪಟ್ಟು ದಾಟಿದನು. ಹೀಗೆ ದಾಟುವವನಿಗೆ ನೋಂದಣಿ ಇರುವ ಸಂಭವ ಕಡಿಮೆ; ಇದ್ದರೂ ಅವನ ಜೊತೆ ವ್ಯವಹಾರ ಸಲ್ಲದು.

ಇಲ್ಲಿ ಒಂದು ಸಂದು ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಹತ್ತನೆಯ ತರಗತಿ ಪಾಸಾಗದವರು ಕೆಲಸಕ್ಕೆಂದು ಸೌದಿ ಅರೇಬಿಯ, ಕುವೈತ್, ಮಲೇಷ್ಯ ಮುಂತಾದ 18 ದೇಶಗಳಿಗೆ ಹೊರಟರೆ, ವಲಸೆಗಾರರ ಸಂರಕ್ಷಕರ ಕಚೇರಿಯಿಂದ ಅನುಮತಿ ಬೇಕು. ಅಂಥ ಕಚೇರಿಯೊಂದು ಬೆಂಗಳೂರಿನಲ್ಲಿದೆ. ಅಲ್ಲಿ ಮಾಲಿಕನು ಯಾರು, ಪಗಾರವೆಷ್ಟು, ಕರಾರು ಏನೆಂಬುದನ್ನು ನೋಡುತ್ತಾರೆ. ಆದರೆ ಮೆಟ್ರಿಕ್ ಪಾಸಾದವರಿಗೆ ಈ ಅನುಮತಿ ಬೇಡ, ಮತ್ತು ರಷ್ಯವು ಆ 18ರ ಪಟ್ಟಿಯಲ್ಲಿಯೇ ಇಲ್ಲ. ಅಂದರೆ ಓದಿದ ಹುಡುಗ ಪಟ್ಟಿಯ ಹೊರಗಿನ ದೇಶಕ್ಕೆ ಹೊರಟಾಗ ಸರಕಾರದ ಯಾವ ಕಾರಕೂನನೂ ಅವನ ಕರಾರನ್ನು ತಡೆದು ಓದುವುದಿಲ್ಲ. ಓದುವ ಕೆಲಸ ಮನೆಯವರ ಮೇಲೆಯೇ ಬೀಳುತ್ತದೆ. ವಂಚಕರಿಗೆ ಇದು ಚೆನ್ನಾಗಿ ಗೊತ್ತು. ಸಿ.ಬಿ.ಐ.ಯ ಮೊಕದ್ದಮೆಯಲ್ಲಿ ಹೆಸರು ಬಂದವು ಬಹುತೇಕ "ವೀಸಾ ಸಲಹೆ"ಯ ಸಂಸ್ಥೆಗಳು ಎಂಬುದನ್ನು ಗಮನಿಸಿ. ವೀಸಾ ಮಾಡಿಸಿಕೊಡುವ ಅಂಗಡಿ ಬೇರೆ, ನೌಕರಿ ಕೊಡಿಸುವ ನೋಂದಾಯಿತ ಸಂಸ್ಥೆ ಬೇರೆ. ಮೊದಲನೆಯದರ ಫಲಕವನ್ನು ತೂಗುಹಾಕಿ ಎರಡನೆಯದರ ವ್ಯಾಪಾರ ಮಾಡುವುದೇ ಈ ವಿದ್ಯೆಯ ಗುಟ್ಟು.

ಇನ್ನು ಇದನ್ನು ನಮ್ಮ ಮನೆಯ ಅಂಗಳಕ್ಕೆ ತಂದು ನೋಡೋಣ. ಬನಹಟ್ಟಿಯಲ್ಲಿ ನಾಲ್ಕು ಮಗ್ಗಗಳ ಒಂದು ಮನೆ ಎಂದಿಟ್ಟುಕೊಳ್ಳಿ. ಸೀರೆಯ ವ್ಯಾಪಾರ ಕುಂಟುತ್ತಿದೆ; ಹಿರಿಯ ಮಗ ಐ.ಟಿ.ಐ. ಮುಗಿಸಿ ಎರಡು ವರ್ಷವಾಯಿತು. ಒಂದು ದಿನ ಅವನ ಫೋನಿಗೆ ಸುದ್ದಿ ಬರುತ್ತದೆ: ಯುರೋಪಿನ ಒಂದು ದೇಶದಲ್ಲಿ ಗೋದಾಮಿನ ಕೆಲಸ, ತಿಂಗಳಿಗೆ 1 ಲಕ್ಷ 40 ಸಾವಿರ, ಊಟ ವಸತಿ ಪುಕ್ಕಟೆ. ಮುಧೋಳದ ಅವನ ಗೆಳೆಯನೊಬ್ಬನಿಗೂ ಬಂದಿದೆಯಂತೆ. ಇದು ನಾನು ಕಟ್ಟಿದ ಮನೆ, ಯಾರದೂ ಅಲ್ಲ. ಆದರೆ ಅದರಲ್ಲಿ ನಡೆಯುವುದು ನಡೆಯುವ ರೀತಿಯೇ.

ಮೊದಲು ಕೇಳುವುದು 2,500 ರೂಪಾಯಿ, ಫೈಲು ತೆರೆಯುವುದಕ್ಕೆ. ಮೊದಲ ಮೊತ್ತ ಯಾವಾಗಲೂ ಸಣ್ಣದಿರುತ್ತದೆ. ಅದರಿಂದ ವಂಚಕನಿಗೆ ಬೇಕಾದದ್ದು ಹಣವಲ್ಲ, ಕೊಡುವ ಕೈಯ ಪರಿಚಯ. ಎರಡು ದಿನಕ್ಕೆ ಫೋನಿನಲ್ಲಿ ಹತ್ತು ನಿಮಿಷದ ಸಂದರ್ಶನ. ಗೋದಾಮಿನ ಕೆಲಸಕ್ಕೆ ಯಂತ್ರದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. "ಪಾಸಪೋರ್ಟ್ ಅದ ಏನು, ಯಾವಾಗ ಹೊರಡತೀರಿ" ಎಂಬುದೇ ಪ್ರಶ್ನೆ. ನಾಲ್ಕನೆಯ ದಿನ ಆಯ್ಕೆಯ ಪತ್ರ. ಅದರಲ್ಲಿ ಕಂಪನಿಯ ಮುದ್ರೆ, ವ್ಯವಸ್ಥಾಪಕನ ಸಹಿ, ಎಲ್ಲ ಇದೆ. ಮುದ್ರೆಯನ್ನು ನೋಡಿ ಅಪ್ಪ ಮರುಳಾಗುತ್ತಾರೆ. ನೋಡಬೇಕಾದದ್ದು ಮುದ್ರೆಯನ್ನಲ್ಲ, ಪತ್ರ ಯಾವ ವಿಳಾಸದಿಂದ ಬಂತೆಂಬುದನ್ನು. ಕಂಪನಿಯ ಸ್ವಂತ ವಿಳಾಸದಿಂದ ಬರದೆ, ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಜಿಮೇಲ್ ವಿಳಾಸದಿಂದಲೋ ವಾಟ್ಸಪ್ಪಿನಿಂದಲೋ ಬಂದ ಮುದ್ರೆಯ ಬೆಲೆ ಒಂದು ಕಾಸೂ ಅಲ್ಲ.

ಬಳಿಕ 9,000 ವೈದ್ಯಕೀಯಕ್ಕೆ, ಏಜೆಂಟನ ಖಾತೆಗೇ. ಅನಂತರ 75,000 ಕೆಲಸದ ಪರವಾನಗಿಗೆ. "ಪೂರ್ಣ ಮರಳಿ ಕೊಡತಕ್ಕದ್ದು" ಎಂದು ಬರೆದ ಚೀಟಿಯೊಂದಿಗೆ. ತಾಯಿಯ ಬಂಗಾರ ಸಹಕಾರಿ ಸಂಘದಲ್ಲಿ ಒತ್ತೆ ಬೀಳುವುದು ಈ ಹಂತದಲ್ಲಿ. ತಿಂಗಳ ಮೇಲೆ 1,20,000 ವೀಸಾಕ್ಕೆ, "ನಾಳೆ ಸಂಜೆಯೊಳಗೆ ಕಟ್ಟದಿದ್ದರೆ ಹೆಸರು ಹೋಗುತ್ತದೆ" ಎಂಬ ಎಚ್ಚರಿಕೆಯೊಂದಿಗೆ. ಈಗ ಒಟ್ಟು 2,06,500. ಇಷ್ಟು ಕೊಟ್ಟ ಮನೆ ಹಿಂದೆ ಸರಿಯುವುದು ಕಷ್ಟ. ಹಿಂದೆ ಸರಿದರೆ ಕೊಟ್ಟದ್ದೆಲ್ಲ ಹೋಯಿತೆಂಬ ಭಯವೇ ಮುಂದಿನ ಕಂತನ್ನು ಕೊಡಿಸುತ್ತದೆ.

ಇದರಲ್ಲಿ ಎಲ್ಲಿ ನಿಲ್ಲಬಹುದಿತ್ತು? ಮೂರನೆಯ ಮೊತ್ತದಲ್ಲಿಯೇ. 75,000 ಎಂದೊಡನೆ 35,400ರ ಗೆರೆ ದಾಟಿತು. ಆಗ ಅಪ್ಪನವರು ಏಜೆಂಟನಿಗೆ ಫೋನು ಮಾಡಿ ಎರಡೇ ಮಾತು ಕೇಳಬೇಕಾಗಿತ್ತು. "ನಿಮ್ಮ ನೋಂದಣಿಯ ನಂಬರು ಹೇಳ್ರಿ" ಎಂಬುದು ಒಂದು. ನೋಂದಾಯಿತ ಸಂಸ್ಥೆಗಳ ಪಟ್ಟಿ ಸರಕಾರದ emigrate.gov.in ಎಂಬ ತಾಣದಲ್ಲಿ ಹೆಸರು, ಊರು, ಪ್ರಮಾಣಪತ್ರದ ಸ್ಥಿತಿಯೊಡನೆ ಸಿಗುತ್ತದೆ. ಮನೆಯ ಹುಡುಗಿಯರೇ ಐದು ನಿಮಿಷದಲ್ಲಿ ತೆಗೆದು ತೋರಿಸಿಯಾರು. ಹೆಸರು ಸಿಕ್ಕಿತೆಂದು ಅಲ್ಲಿಗೇ ಬಿಡಬಾರದು. ಒಳ್ಳೆಯ ಸಂಸ್ಥೆಯ ಹೆಸರನ್ನೂ ನಂಬರನ್ನೂ ಕದ್ದು ತನ್ನದೆಂದು ಹೇಳುವವರು ಉಂಟು. ಆದುದರಿಂದ ಏಜೆಂಟನು ಕೊಟ್ಟ ಫೋನಿಗಲ್ಲದೆ, ಪಟ್ಟಿಯಲ್ಲಿ ಅಚ್ಚಾದ ಫೋನಿಗೆ ಕರೆಮಾಡಿ, ಈ ಹೆಸರಿನ ಮನುಷ್ಯ ನಿಮ್ಮವನೇ ಎಂದು ವಿಚಾರಿಸಬೇಕು.

ಎರಡನೆಯ ಮಾತು: "ಮಾಲಿಕರ ಬೇಡಿಕೆ ಪತ್ರ ತೋರಸ್ರಿ." ನಿಜವಾದ ವ್ಯವಹಾರದಲ್ಲಿ ಪರದೇಶದ ಮಾಲಿಕನು ತನಗೆ ಇಂಥ ಕೆಲಸಕ್ಕೆ ಇಷ್ಟು ಜನ ಬೇಕು, ಇಷ್ಟು ಪಗಾರ ಕೊಡುತ್ತೇನೆ ಎಂದು ಬರೆದ ಪತ್ರವನ್ನೂ, ನನ್ನ ಪರವಾಗಿ ಜನರನ್ನು ಆರಿಸು ಎಂಬ ಮುಖತ್ಯಾರಪತ್ರವನ್ನೂ ಇಲ್ಲಿಯ ಸಂಸ್ಥೆಗೆ ಕೊಟ್ಟಿರುತ್ತಾನೆ. ಇವೆರಡರ ಆಧಾರದ ಮೇಲೆಯೇ ನೋಂದಾಯಿತ ಸಂಸ್ಥೆ ಜನರನ್ನು ಕರೆಯುತ್ತದೆ. ಇವು ಇಲ್ಲದೆ ಬಂದ ಆಯ್ಕೆಯ ಪತ್ರ ಬೇರಿಲ್ಲದ ಗಿಡದಂತೆ. ಪತ್ರ ತೋರಿಸಿದರೆ, ಮಾಲಿಕನ ಹೆಸರನ್ನು ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಬರೆದು ವಿಚಾರಿಸಬಹುದು. ಇದಕ್ಕೆ ಕೆಲವು ದಿನ ಬೇಕು. ಕೆಲವು ದಿನ ಕಾಯಲು ಏಜೆಂಟನು ಒಪ್ಪುತ್ತಾನೆಯೇ ಇಲ್ಲವೇ ಎಂಬುದೂ ಒಂದು ಉತ್ತರವೇ.

ಇದನ್ನೆಲ್ಲ ದಾಟಿ ವೀಸಾ ಬಂತೆನ್ನಿ. ಮನೆಯಲ್ಲಿ ಪೇಢೆ ಹಂಚುತ್ತಾರೆ. ಪಾಸಪೋರ್ಟಿನ ಆ ಪುಟವನ್ನು ತಿರುವಿ, ವೀಸಾ ಯಾವ ಜಾತಿಯದೆಂದು ಓದುವವರು ಕಡಿಮೆ. ಪ್ರವಾಸಕ್ಕೆ ಕೊಡುವ ವೀಸಾ ಬೇರೆ, ಬಂಧುಗಳ ಭೆಟ್ಟಿಗೆ ಕೊಡುವುದು ಬೇರೆ, ಕೆಲಸಕ್ಕೆ ಕೊಡುವುದು ಬೇರೆ; ಯಾವುದೆಂಬುದು ಅದರ ಮೇಲೆಯೇ ಅಚ್ಚಾಗಿರುತ್ತದೆ, ಎಷ್ಟು ದಿನಕ್ಕೆಂಬುದೂ ಇರುತ್ತದೆ. ರಷ್ಯಕ್ಕೆ ಹೋದವರಲ್ಲಿ ಅನೇಕರು ಹೋದದ್ದು ಪ್ರವಾಸಿಗಳ ವೀಸಾದ ಮೇಲೆ. "ಅಲ್ಲಿ ಇಳಿದ ಮ್ಯಾಲೆ ಬದಲಿ ಮಾಡಿಸಿ ಕೊಡತೀವಿ" ಎಂಬುದು ಎಲ್ಲ ಏಜೆಂಟರೂ ಹೇಳುವ ಮಾತು. ಮೂವತ್ತು ದಿನದ ಪ್ರವಾಸಿ ವೀಸಾದ ಮೇಲೆ ಹೋದ ಹುಡುಗ ಮೂವತ್ತೊಂದನೆಯ ದಿನ ಆ ದೇಶದಲ್ಲಿ ಅಪರಾಧಿ. ಅವನು ಪೊಲೀಸರ ಬಳಿಗೆ ಹೋಗಲಾರ, ಮಾಲಿಕನ ಮೇಲೆ ದೂರಲಾರ, ಪಾಸಪೋರ್ಟು ಯಾರ ಕೈಯಲ್ಲಿದೆಯೋ ಅವನು ಹೇಳಿದ ಕಾಗದಕ್ಕೆ ಸಹಿ ಹಾಕುತ್ತಾನೆ. ಕಲಬುರಗಿಯ ಹುಡುಗರ ಮುಂದೆ ಓದಲು ಬಾರದ ಲಿಪಿಯ ಕಾಗದ ಬಂದಾಗ ಬೇಡವೆನ್ನುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಬೇಡವೆನ್ನುವ ಶಕ್ತಿ ಇರುವುದು ಬನಹಟ್ಟಿಯ ಪಡಸಾಲೆಯಲ್ಲಿ, ವಿಮಾನ ಏರುವ ಮೊದಲು. ಆದುದರಿಂದ ಕರಾರಿನ ಇಂಗ್ಲಿಷ್ ಪ್ರತಿ ಹೊರಡುವ ಮುಂಚೆಯೇ ಮನೆಗೆ ಬರಬೇಕು. ಊರಿನ ವಕೀಲರೊಬ್ಬರು ಅದನ್ನು ಓದಿ, ಮಾಲಿಕ ಯಾರು, ಕೆಲಸ ಯಾವುದು, ಊರು ಯಾವುದು, ಬಿಟ್ಟು ಬರುವ ದಾರಿ ಏನೆಂದು ಹೇಳಬೇಕು. ಒಂದು ಪ್ರತಿಯನ್ನು ತಾಯಿಯ ಟ್ರಂಕಿನಲ್ಲಿ ಇಟ್ಟುಕೊಳ್ಳಬೇಕು.

ನಾನು ಇಲ್ಲಿ ಹೇಳಿದ ಗೆರೆಗಳು ಎಲ್ಲ ಮೋಸಗಳನ್ನೂ ಹಿಡಿಯುತ್ತವೆಂದು ಹೇಳಲಾರೆ. ಇತ್ತೀಚೆಗೆ ಒಂದು ಪೈಸೆಯನ್ನೂ ಕೇಳದೆ, ಟಿಕೆಟನ್ನೂ ತಾವೇ ಕೊಟ್ಟು, ಕಂಪ್ಯೂಟರಿನ ಕೆಲಸವೆಂದು ಥಾಯ್ಲೆಂಡಿನ ದಾರಿಯಾಗಿ ಮ್ಯಾನ್ಮಾರಿಗೆ ಸಾಗಿಸಿ, ಅಲ್ಲಿ ಬೇಲಿಯೊಳಗೆ ಕೂಡಿಹಾಕಿ, ಫೋನಿನಲ್ಲಿ ಪರರನ್ನು ವಂಚಿಸುವ ಕೆಲಸಕ್ಕೆ ಹಚ್ಚಿದ ಪ್ರಸಂಗಗಳು ನಡೆದಿವೆ. ಅಲ್ಲಿ ಫೀಯನ್ನು ಕೇಳುವುದು ಬಿಡುಗಡೆಗೆ. ಅಂಥದರಲ್ಲಿ ಹಣದ ಗುರುತು ಕೆಲಸಕ್ಕೆ ಬಾರದು; ವೀಸಾದ ಜಾತಿ ಮತ್ತು ಮಾಲಿಕನ ಬೇಡಿಕೆ ಪತ್ರ, ಇವೆರಡೇ ಗತಿ.

ಹಣ ಹೋದ ಮೇಲೆ ಮನೆಯವರು ಮಾಡುವ ದೊಡ್ಡ ತಪ್ಪು ಸುಮ್ಮನಿರುವುದು. ಮಂದಿ ನಕ್ಕಾರು, ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆ ನಮ್ಮ ಕಡೆ ಬಹಳ. ಆದರೆ ಬ್ಯಾಂಕಿನಿಂದಲೋ ಯು.ಪಿ.ಐ. ಮೂಲಕವೋ ಹೋದ ಹಣಕ್ಕೆ ಮೊದಲ ಕೆಲವು ತಾಸುಗಳೇ ಮುಖ್ಯ. ಅದು ವಂಚಕನ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದುಹೋಗುವ ಮೊದಲೇ 1930 ಎಂಬ ನಂಬರಿಗೆ ಕರೆಮಾಡಿದರೆ, ಖಾತೆಯಲ್ಲಿ ಉಳಿದಷ್ಟನ್ನು ತಡೆಹಿಡಿಯುವ ಏರ್ಪಾಡು ಇದೆ. ತಡವಾದರೆ ತಡೆಯಲು ಏನೂ ಉಳಿದಿರುವುದಿಲ್ಲ. ಆ ಬಳಿಕ ಊರಿನ ಪೊಲೀಸು ಠಾಣೆಯಲ್ಲಿಯೋ, ಜಿಲ್ಲೆಯ ಸಿ.ಇ.ಎನ್. ಠಾಣೆಯಲ್ಲಿಯೋ ಫಿರ್ಯಾದಿ ಕೊಡಬೇಕು. ಪರದೇಶದ ನೌಕರಿಯ ಮಾತಾದರೆ ಬೆಂಗಳೂರಿನ ವಲಸೆಗಾರರ ಸಂರಕ್ಷಕರಿಗೂ ಅದರ ಪ್ರತಿಯನ್ನು ಕಳುಹಿಸಬೇಕು.

ಫಿರ್ಯಾದಿಗೆ ಹೋಗುವಾಗ ಬ್ಯಾಂಕಿನ ಪಾಸಬುಕ್ಕು, ಏಜೆಂಟನ ಸಂದೇಶಗಳು, ಅವನ ಖಾತೆಯ ನಂಬರು, ಆಯ್ಕೆಯ ಪತ್ರ ಎಲ್ಲವೂ ಜೊತೆಗಿರಲಿ. ಸಿಟ್ಟಿನಿಂದ ಸಂದೇಶಗಳನ್ನು ಅಳಿಸಿಹಾಕುವವರು ಬಹಳ, ಅವೇ ಸಾಕ್ಷಿ. ನಗದಾಗಿ ಕೊಟ್ಟವರಿಗೆ ಈ ಸಾಕ್ಷಿಯೂ ಇರುವುದಿಲ್ಲ, ಆದುದರಿಂದಲೇ ಏಜೆಂಟನಿಗೆ ನಗದಿನ ಮೇಲೆ ಅಷ್ಟು ಪ್ರೀತಿ. ಇನ್ನೂ ಒಂದು ಮಾತು. ಫಿರ್ಯಾದಿ ಕೊಟ್ಟ ಒಂದೆರಡು ವಾರದಲ್ಲಿ ಮತ್ತೊಬ್ಬನ ಫೋನು ಬರಬಹುದು: ನಿಮ್ಮ ಹಣ ಸಿಕ್ಕಿದೆ, ಬಿಡಿಸಿಕೊಡುತ್ತೇವೆ, ಕಾಗದಪತ್ರದ ಖರ್ಚಿಗೆ 5,000 ರೂಪಾಯಿ ಕಳುಹಿಸಿ ಎಂದು. ಅವನು ಮೊದಲಿನವನೇ, ಇಲ್ಲವೆ ಮೊದಲಿನವನಿಂದ ನಿಮ್ಮ ಹೆಸರನ್ನು ಕೊಂಡವನು. ಅವನ ನಂಬರನ್ನೂ ಅದೇ ಫಿರ್ಯಾದಿಗೆ ಸೇರಿಸಿ ಕೊಡಿ.